ಪ್ಯಾಕಿನಿಂದ ಕಾಣೆಯಾದ ಎರಡು ಸಿಗರೇಟು

ನನ್ನ ಅಕ್ಕ ಮೂವತ್ತು ವರ್ಷ ಮನೆಯಲ್ಲೇ ಬಟ್ಟೆ ಹೊಲಿದವಳು. ಹೊಲಿಗೆ ಮಷೀನಿನ ಪಕ್ಕದ ಕುರ್ಚಿಯಲ್ಲಿ ಭಾವ ಕೂತು ಸಿಗರೇಟು ಸೇದುತ್ತಾ ಪೇಪರ್ ಓದುತ್ತಿದ್ದರು. ಕತ್ತರಿಸಿಟ್ಟ ಬಟ್ಟೆ ಗಾಳಿಗೆ ಹಾರದಿರಲೆಂದು ಕಿಟಕಿ ಸದಾ ಮುಚ್ಚಿರುತ್ತಿತ್ತು. ಹೊಲಿದ ರವಿಕೆಯಲ್ಲಿ ಹೊಗೆ ವಾಸನೆ ಎಂದು ಗಿರಾಕಿಗಳು ಮೂಗು ಮುರಿದರೆ ಅಕ್ಕ ಅದು ಇಸ್ತ್ರಿಪೆಟ್ಟಿಗೆಯ ಕೆಂಡದ ಹೊಗೆ ಎಂದು ಜಾರಿಕೊಳ್ಳುತ್ತಿದ್ದಳು. ಗಂಡನನ್ನು ಬಿಟ್ಟುಕೊಡುವ ಪೈಕಿ ಅಲ್ಲ.

ಎರಡು ತಿಂಗಳು ಕೆಮ್ಮು ಬಿಡಲಿಲ್ಲ. ಕೊನೆಗೆ ಎರಡೂ ಶ್ವಾಸಕೋಶಗಳಲ್ಲಿ ಕ್ಯಾನ್ಸರ್ ಇರುವುದು ಗೊತ್ತಾಯಿತು.

ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾಗಲೇ ಭಾವ ಕೇಳಿದರು: "ನಿಜ ಹೇಳು. ಕದ್ದು ಸೇದ್ತಿದ್ಯಾ?"

ನನಗೆ ಮೈಯೆಲ್ಲ ಉರಿಯಿತು. "ಭಾವ, ನಾಲಿಗೆ ಬಿಗಿ ಹಿಡ್ಕೊಳ್ಳಿ!"

"ನೀನು ಸುಮ್ನಿರು. ದಿನಾ ನನ್ನ ಪ್ಯಾಕಲ್ಲಿ ಎರಡು ಕಮ್ಮಿ ಆಗ್ತಿತ್ತು. ಮನೇಲಿ ಇನ್ಯಾರಿದ್ರು?"

ಅಕ್ಕ ತಲೆ ತಗ್ಗಿಸಿದಳು. "ತಗೊಂಡಿದ್ದು ನಾನೇ."

ಆ ಕ್ಷಣ ನನಗೂ ಅನುಮಾನ ಬಂತು. ಸುಳ್ಳು ಯಾಕೆ ಹೇಳಲಿ, ಬಂತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಭಾವ ಗೆದ್ದವರಂತೆ ಡಾಕ್ಟರ ಕೋಣೆಗೆ ನುಗ್ಗಿ ಅದನ್ನೇ ಒದರಿದರು. ಡಾಕ್ಟರಮ್ಮ ಅಕ್ಕನ ಕಡೆ ತಿರುಗಿದರು. "ಸೇದ್ತಿದ್ರಾ?"

"ಇಲ್ಲಮ್ಮ. ಮುರಿದು ಬಚ್ಚಲಿಗೆ ಹಾಕ್ತಿದ್ದೆ. ಇವರಿಗೆ ಎರಡಾದ್ರೂ ಕಮ್ಮಿ ಆಗ್ಲಿ, ಎದೆ ಚೆನ್ನಾಗಿರ್ಲಿ ಅಂತ."

ಭಾವ ನಿಧಾನವಾಗಿ ಕೇಳಿದರು: "ಹಾಗಾದ್ರೆ ನನ್ನಿಂದ ಬಂತು ಅಂತೀರಾ? ನನಗೇನೂ ಆಗಿಲ್ವಲ್ಲ?"

"ಒಬ್ಬರಿಗೆ ಇದೇ ಕಾರಣ ಅಂತ ಖಚಿತವಾಗಿ ಹೇಳೋಕಾಗಲ್ಲ. ಒಂದೂ ಸೇದದವರಿಗೆ ಬೇರೆ ಕಾರಣಗಳಿಂದ್ಲೂ ಬರುತ್ತೆ. ಆದ್ರೆ ವರ್ಷಗಟ್ಟಲೆ ಇನ್ನೊಬ್ಬರ ಹೊಗೆ ಕುಡಿದವರಿಗೆ ಅಪಾಯ ಜಾಸ್ತಿ, ಅದು ನಿಜ. ನಿಮಗೆ ಆಗಿಲ್ಲ ಅನ್ನೋದು ಅದಕ್ಕೆ ಉತ್ತರ ಅಲ್ಲ. ಇನ್ನು ಇವರಿರೋ ಮನೇಲಿ ಹೊಗೆ ಇರಕೂಡದು. ಕಿಟಕಿ ತೆಗೆದಿಟ್ರೆ ಸಾಲದು."

ಗಡ್ಡೆಯ ಚೂರನ್ನು ಜೀನ್ ಪರೀಕ್ಷೆಗೆ ಕಳಿಸಿದ್ದರು. ಅದರಲ್ಲಿ ಕಂಡ ಬದಲಾವಣೆಗೆ ಹೊಂದುವ ಮಾತ್ರೆ ಶುರುವಾಯಿತು. ಪೂರ್ತಿ ವಾಸಿ ಮಾಡುವುದಿಲ್ಲ, ಒಂದಷ್ಟು ಕಾಲ ತಡೆದಿಡುತ್ತದೆ ಎಂದರು. ನಾನು ಅಕ್ಕನನ್ನು ನನ್ನ ಮನೆಗೆ ಕರೆತಂದೆ.

ಭಾವ ದಿನವೂ ಬರುತ್ತಾರೆ. ಬಿಟ್ಟೆ ಎನ್ನುತ್ತಾರೆ. ಈ ಮಾತನ್ನು ನಾನು ಎಷ್ಟು ಸಲ ಕೇಳಿಲ್ಲ? ಬಾಗಿಲಲ್ಲೇ ನಿಲ್ಲಿಸಿ ಅಂಗಿಯ ಕಾಲರು ಮೂಸುತ್ತೇನೆ, ಕೈ ಮೂಸುತ್ತೇನೆ. ಹದಿನೆಂಟು ದಿನದಿಂದ ಏನೂ ಸಿಕ್ಕಿಲ್ಲ. ಸೋಪು ಹಾಕಿ ತೊಳೆದು ಬರುತ್ತಿರಬಹುದು ಎಂಬ ಗುಮಾನಿ ಮಾತ್ರ ಹೋಗಿಲ್ಲ.

ನಿನ್ನೆ ಅವರು ಅಕ್ಕನನ್ನು ಮನೆಗೆ ಕರೆದೊಯ್ಯಲು ಬಂದರು. ಮನೆಗೆ ಸುಣ್ಣ ಹೊಡೆಸಿದ್ದಾರಂತೆ, ಪರದೆ ಹಾಸಿಗೆ ಎಲ್ಲ ಬದಲಾಯಿಸಿದ್ದಾರಂತೆ.

"ಇನ್ನೂ ಆರು ತಿಂಗಳು ನೋಡೋಣ ಭಾವ," ಎಂದು ಬಾಗಿಲಿಗೆ ಅಡ್ಡ ನಿಂತೆ.

ಹಿಂದಿನಿಂದ ಅಕ್ಕನ ದನಿ ಬಂತು: "ನಿನ್ನ ಹತ್ರ ಇದೆ ಕಣೇ ಆರು ತಿಂಗಳು."

ನಾನು ಪಕ್ಕಕ್ಕೆ ಸರಿದೆ.