ಗೆಳೆಯರು ಮಾತ್ರ

ಬೀಗ ರಿಪೇರಿ ಮಾಡುವ ಅವರನ್ನು ಬೀದಿಯವರೆಲ್ಲ ಬೀಗದ ಮೇಷ್ಟ್ರು ಎನ್ನುತ್ತಿದ್ದರು. ಮೇಷ್ಟ್ರಿಗೆ ಒಂದು ಚಾಳಿ. ಮನೆಯಿಂದ ಹೊರಡುವಾಗ ಬಾಗಿಲನ್ನು ಮೂರು ಸಲ ಎಳೆದು ನೋಡಬೇಕು. ತಿರುವಿನವರೆಗೆ ಹೋಗಿ, ವಾಪಸು ಬಂದು ನಾಲ್ಕನೆಯ ಸಲ. ಕಂಡವರ ಬೀಗವನ್ನೆಲ್ಲ ಎರಡು ನಿಮಿಷದಲ್ಲಿ ತೆಗೆಯುವ ಮನುಷ್ಯನಿಗೆ ತನ್ನ ಬೀಗದ ಮೇಲೆ ನಂಬಿಕೆ ಹುಟ್ಟುವುದಾದರೂ ಹೇಗೆ?

ಈಚೆಗೆ ಆ ಚಾಳಿ ಟಿವಿ ಪಕ್ಕದ ಗೇಮ್ ಕನ್ಸೋಲಿಗೂ ಅಂಟಿಕೊಂಡಿತ್ತು. ಹತ್ತು ವರ್ಷದ ಮಗಳು ಹೆಡ್‌ಫೋನ್ ಹಾಕಿಕೊಂಡು ಅದರಲ್ಲಿ ಎಲ್ಲೆಲ್ಲಿಯವರ ಜೊತೆಗೋ ಆಡುತ್ತಿದ್ದಳು, ಹರಟುತ್ತಿದ್ದಳು. ಎರಡು ವಾರದ ಹಿಂದೆ ಅಪ್ಪನ ಕಾರ್ಡಿನಲ್ಲಿ ಆಟದ ಪಾತ್ರಗಳಿಗೆ ರೆಕ್ಕೆ, ಪೋಷಾಕು ಕೊಂಡು ಯಾರಿಗೋ ಉಡುಗೊರೆ ಕಳಿಸಿಬಿಟ್ಟಳು. ಮೇಷ್ಟ್ರು ಸೂರು ಹಾರಿಹೋಗುವಂತೆ ಕೂಗಾಡಿದರು. ಆಮೇಲೆ ಕೂತು ಅವಳ ಖಾತೆಯನ್ನು ಮಕ್ಕಳ ಖಾತೆಯಾಗಿ ಬದಲಿಸಿದರು. ಖರ್ಚಿನ ಮಿತಿ ಸೊನ್ನೆ. ಏನು ಬೇಕಾದರೂ ಮೊದಲು ಅಪ್ಪನ ಫೋನಿಗೆ ಕೋರಿಕೆ ಬರಬೇಕು. ಮಾತುಕತೆಗೆ ಮೂರು ಆಯ್ಕೆಗಳಿದ್ದವು: ಎಲ್ಲರೂ, ಗೆಳೆಯರು ಮಾತ್ರ, ಯಾರೂ ಬೇಡ. ಪೂರ್ತಿ ಬಾಯಿ ಕಟ್ಟುವುದು ಬೇಡವೆಂದು ನಡುವಿನದನ್ನು ಒತ್ತಿ, ಐದಂಕಿಯ ಪಿನ್ ಹಾಕಿದರು.

ಅಷ್ಟಾದರೂ ಸಮಾಧಾನವಿಲ್ಲ. ಊಟದ ಮಧ್ಯೆ ಎದ್ದು ಹೋಗಿ ಸೆಟ್ಟಿಂಗ್ ನೋಡುವರು. ಇತ್ತ ಮಗಳ ಮಾತು ದಿನೇದಿನೇ ಕಡಿಮೆಯಾಗುತ್ತಿತ್ತು.

"ಮುನಿಸಿಕೊಂಡಿದ್ದಾಳೆ, ಬಿಡು, ಸರಿಹೋಗುತ್ತೆ," ಎಂದರು ಮೇಷ್ಟ್ರು.

"ಮುನಿಸಲ್ಲ ಅದು. ಮುನಿಸಾದ್ರೆ ಬಾಗಿಲು ಬಡೀತಿದ್ಳು," ಎಂದಳು ಹೆಂಡತಿ.

ಮರುದಿನ ಮಧ್ಯಾಹ್ನ ಮೇಷ್ಟ್ರು ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಮಂಡಿಯೂರಿ ಕೂತಿದ್ದರು. ಕೀಲಿ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹೆಂಗಸೊಬ್ಬರು ಪಕ್ಕದಲ್ಲಿ ನಿಂತಿದ್ದರು. ಜೇಬಿನಲ್ಲಿ ಫೋನ್ ನಡುಗಿತು. ತೆಗೆದು ನೋಡಿದರೆ ಒಂದು ಸಂದೇಶ: ನಿಮ್ಮ ಮಗುವಿನ ಖಾತೆಯ ಮಾತುಕತೆಯ ಸೆಟ್ಟಿಂಗನ್ನು ಕನ್ಸೋಲಿನಲ್ಲಿ ಪಿನ್ ಹಾಕಿ ಬದಲಿಸಲಾಗಿದೆ.

ಪಿನ್ಅನ್ನು ಮೇಷ್ಟ್ರು ಹೆಂಡತಿಗೂ ಹೇಳಿರಲಿಲ್ಲ. ಕೈ ತಪ್ಪಿ, ಬೀಗ ತೆಗೆಯುವ ಸಣ್ಣ ಕಡ್ಡಿ ಒಳಗೇ ಮುರಿಯಿತು.

"ಆಗಲ್ವಾ?" ಎಂದರು ಆ ಹೆಂಗಸು.

"ಆಗುತ್ತಮ್ಮ, ಒಂದ್ನಿಮಿಷ," ಎಂದವರಿಗೆ ಆ ಬೀಗ ಇಪ್ಪತ್ತು ನಿಮಿಷ ತಿಂದಿತು. ಬಾಗಿಲು ತೆರೆದದ್ದೇ ತಡ, ದುಡ್ಡನ್ನೂ ಕೇಳದೆ ಮೆಟ್ಟಿಲಿಳಿದರು.

ಮನೆಯಲ್ಲಿ ಮಗಳು ಕಂಟ್ರೋಲರ್ ಹಿಡಿದು ಸುಮ್ಮನೆ ಕೂತಿದ್ದಳು.

"ಪಿನ್ ಯಾರು ಹೇಳಿದ್ದು ನಿಂಗೆ?"

"ಯಾರೂ ಇಲ್ಲ. ನಮ್ಮನೆ ಬೀಗದ ಕೈ ನೋಡಿ ಓದ್ಕೊಂಡೆ."

ಮೇಷ್ಟ್ರು ತಲೆ ಚಚ್ಚಿಕೊಂಡರು. ಕೀಲಿಯ ಒಂದೊಂದು ಕಚ್ಚಿಗೂ ಆಳಕ್ಕೆ ತಕ್ಕ ಅಂಕಿಯಿರುತ್ತದೆ. ಆ ಅಂಕಿ ನೋಡಿಯೇ ಅಂಗಡಿಯಲ್ಲಿ ಹೊಸ ಕೀಲಿ ಕತ್ತರಿಸುವುದು. ಮನೆಯ ಕೀಲಿಗೆ ಐದು ಕಚ್ಚು. ಮರೆಯದಿರಲೆಂದು ಅದನ್ನೇ ಪಿನ್ ಮಾಡಿದ್ದರು. ಕಣ್ಣಳತೆಯಲ್ಲೇ ಕಚ್ಚು ಓದುವುದನ್ನು ಮಗಳಿಗೆ ರಜೆಯಲ್ಲಿ ಹೆಮ್ಮೆಯಿಂದ ಕಲಿಸಿದವರೂ ಅವರೇ.

ಕೂಗಲು ಬಾಯಿ ತೆರೆದು ಪರದೆ ನೋಡಿದರು. ಮಾತುಕತೆ: ಯಾರೂ ಬೇಡ.

ಅವಳು ಬೀಗ ತೆಗೆದಿರಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದ್ದಳು.

"ಇದ್ಯಾಕೆ ಪುಟ್ಟಿ?"

ಅವಳು ಕಂಟ್ರೋಲರಿನ ಗುಂಡಿ ಉಜ್ಜುತ್ತ ಹೇಳಿದಳು: "ಅವತ್ತು ನಾನು ಒಬ್ಬಂಗೆ ರೆಕ್ಕೆ ಕಳಿಸಿದ್ನಲ್ಲ, ಅವನು ನನ್ನ ಗೆಳೆಯರ ಪಟ್ಟಿಲೇ ಇದ್ದಾನೆ. ಇನ್ನೂ ಕಳಿಸು ಅಂತಾನೆ. ಫೋಟೋನೂ ಕೇಳ್ತಾನೆ. ಪಟ್ಟಿಯಿಂದ ತೆಗೆದ್ರೆ ನಾವು ಮಾತಾಡಿದ್ದೆಲ್ಲಾ ನಿಮ್ಮಪ್ಪಂಗೆ ಹೇಳ್ತೀನಿ ಅಂದ. ಹೀಗೆ ಮಾಡಿದ್ರೆ ಅಪ್ಪನೇ ಬಂದ್ ಮಾಡಿರ್ಬೇಕು ಅಂದ್ಕೋತಾನಲ್ಲ."

ಮೇಷ್ಟ್ರು ಮಗಳ ಪಕ್ಕ ನೆಲದ ಮೇಲೆಯೇ ಕೂತರು. ಹದಿನಾಲ್ಕು ದಿನ ಬಾಗಿಲು ಎಳೆದು ನೋಡಿದ್ದರು, ಒಳಗೆ ಯಾರಿದ್ದಾರೆ ಎಂದು ಒಮ್ಮೆಯೂ ನೋಡಿರಲಿಲ್ಲ.

"ಫೋಟೋ ಕಳಿಸಿದ್ಯಾ?"

"ಇಲ್ಲ."

ಇಬ್ಬರೂ ಸೇರಿ ಪಟ್ಟಿ ತೆರೆದರು. ಅವನ ಸಂದೇಶಗಳ ಚಿತ್ರ ತೆಗೆದಿಟ್ಟು ಆಟದ ಕಂಪನಿಗೆ ದೂರು ಕೊಟ್ಟರು, ಬ್ಲಾಕ್ ಮಾಡಿದರು. ಉಳಿದ ಒಂದೊಂದು ಹೆಸರೂ ಯಾರದೆಂದು ಮೇಷ್ಟ್ರು ಕೇಳಿದರು. ಶಾಲೆಯ ಮೂವರು ಉಳಿದರು. ಮತ್ತೆ "ಗೆಳೆಯರು ಮಾತ್ರ" ಒತ್ತಿ, ಯಾವ ಕೀಲಿಯಲ್ಲೂ ಇಲ್ಲದ ಹೊಸ ಪಿನ್ ಹಾಕಿದರು. ಪಿನ್ ಒತ್ತುವಾಗ ಅವಳು ತಾನಾಗಿಯೇ ಮುಖ ಆಚೆ ತಿರುಗಿಸಿದಳು.

"ಮೊದ್ಲೇ ನಂಗೆ ಹೇಳ್ಬಾರ್ದಿತ್ತಾ?" ಎಂದರು ಮೇಷ್ಟ್ರು.

"ನೀನು ಅವತ್ತು ಕೂಗಿದ್ಯಲ್ಲ."

"ಇನ್ಮೇಲೆ ಕೂಗಲ್ಲ."

ಅಪ್ಪನನ್ನು ಹತ್ತು ವರ್ಷದಿಂದ ಬಲ್ಲ ಹುಡುಗಿ ಓರೆಗಣ್ಣಿನಲ್ಲಿ ನೋಡಿದಳು. "ಕೂಗಿದ್ರೆ?"

"ಕೂಗಿದ್ರೂ ಹೇಳು."