ಮುಚ್ಚಿದ ಕೋಣೆಯ ಬಚ್ಚಲು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹುಮನಾಬಾದಿನಲ್ಲಿ ನಲ್ಲಿ, ಪೈಪಿನ ಕೆಲಸ ಮಾಡುತ್ತಿದ್ದೆ. ತಂಗಿಯನ್ನು ಬಸವಕಲ್ಯಾಣಕ್ಕೆ ಕೊಟ್ಟಿದ್ದೆವು. ಅವಳ ಅತ್ತೆ ತೀರಿಕೊಂಡಾಗ ನಕ್ಷತ್ರ ಕೆಟ್ಟದ್ದೆಂದು ಅವರ ಕೋಣೆಗೆ ಆರು ತಿಂಗಳು ಕೀಲಿ ಬಿತ್ತು. ಬಚ್ಚಲು ಆ ಕೋಣೆಗೇ ಅಂಟಿಕೊಂಡಿತ್ತು.

ಬೇಸಿಗೆಯಲ್ಲಿ ಆ ಬಾಗಿಲ ಸಂದಿಯಿಂದ ಗಟಾರದ ನಾತ ಬರತೊಡಗಿತು, ಹಿಂದೆಯೇ ಜಿರಳೆಗಳು. ಸೊಸೆ ಸರಿಯಾಗಿ ಸೇವೆ ಮಾಡಲಿಲ್ಲ, ಸತ್ತವಳ ಜೀವ ನೊಂದಿದೆ ಎಂದು ತಂಗಿಯ ಮಾವ ತೀರ್ಮಾನಿಸಿಬಿಟ್ಟರು. ಅವಳನ್ನು ಕರೆದುಕೊಂಡು ಹೋಗಲು ನನಗೆ ಹೇಳಿಕಳಿಸಿದರು. ಅಲ್ಲಾ, ಸತ್ತವರು ಜಿರಳೆ ಕಳಿಸುತ್ತಾರೇನು! ಮೈಯೆಲ್ಲಾ ಉರಿದುಹೋಯಿತು.

ಹೋದವನೇ ಹೇಳಿದೆ: "ಬಚ್ಚಲ ನೀರು ಹೋಗೋ ಜಾಲಿ ಕೆಳಗ ನಿಂತ ನೀರೇ ಗಟಾರದ ನಾತ ತಡಿತಾದ. ನಿಮ್ಮದು ಜಾಲಿ ಕೆಳಗ ಬಟ್ಟಲು ಬೋರಲು ಹಾಕಿದ ನಮೂನಿ, ಅದರಾಗ ಒಂದಿಂಚೂ ನೀರು ನಿಲ್ಲಂಗಿಲ್ಲ. ಬಿಸಲಿಗೆ ಆರ್ಯಾದ. ಎರಡಿಂಚು ನೀರು ನಿಲ್ಲೋ ಟ್ರ್ಯಾಪ್ ಇದ್ರ ಇಷ್ಟು ಲಗೂ ಆರ್ತಿದ್ದಿಲ್ಲ. ಕೀಲಿ ತಗೀರಿ, ಒಂದು ಕೊಡ ನೀರು ಹಾಕ್ತೀನಿ."

"ಅವಧಿ ಮುಗಿಯೋದಕ್ಕ ಮೊದಲ ಕೀಲಿ ತಗದ್ರ ಮನಿಯಾಗ ಇನ್ನೊಂದು ಹೆಣ ಬೀಳ್ತಾದ," ಎಂದರು ಅವರು. ತಂಗಿಯ ಗಂಡ ಕಂಬಕ್ಕೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡ.

ಮಾವ ಒಳಗೆ ಹೋದ ಮೇಲೆ ನಾನು ಹಿತ್ತಲಿಗೆ ಹೋಗಿ, ತಂಗಿಯ ಗಂಡ ನೋಡುತ್ತಿದ್ದಂತೆಯೇ ಬಚ್ಚಲಿನ ಗವಾಕ್ಷಿಯಲ್ಲಿ ರಬ್ಬರ್ ಪೈಪ್ ತೂರಿಸಿ ನೀರು ಬಿಟ್ಟೆ. ನೆಲದ ಇಳಿಜಾರಿನಲ್ಲಿ ಹರಿದ ನೀರು ಜಾಲಿಯೊಳಗೆ ಗುಳುಗುಳು ಎಂದಿತು. ಪೈಪ್ ಸುತ್ತಿಟ್ಟು, ಅಳುತ್ತಿದ್ದ ತಂಗಿಯನ್ನು ಕರೆದುಕೊಂಡು ಬಸ್ ಹತ್ತಿದೆ.

ನಾತ ನಿಂತಿತು. ನಿಲ್ಲಲೇಬೇಕಲ್ಲ. ಆದರೆ ಅವಳ ಮಾವ ಊರೆಲ್ಲ ಏನು ಹೇಳಿಕೊಂಡು ಬಂದರು ಗೊತ್ತೇ? "ಆಕಿ ಹೋದಳು, ನಾತ ಹೋಯ್ತು." ನಾನೇ ಸುರಿದ ನೀರು ನನ್ನ ತಂಗಿಯ ವಿರುದ್ಧ ಸಾಕ್ಷಿ ಹೇಳಿತು. ತಲೆ ಚಚ್ಚಿಕೊಂಡೆ.

ಅವಳು ಮಾತ್ರ ಗಂಡನ ದಾರಿ ಕಾಯುತ್ತಿದ್ದಳು. ನೀರು ಮತ್ತೆ ಆರುತ್ತದೆ, ಆಗ ನೀನಿಲ್ಲದ ಮನೆಯಲ್ಲೂ ನಾತ ಬರುತ್ತದೆ, ಆಗಲಾದರೂ ಅವರಿಗೆ ತಿಳಿಯುತ್ತದೆ ಎಂದು ನಾನೇ ಸಮಾಧಾನ ಹೇಳಿದ್ದೆ.

ಹಾಗೇ ಆಯಿತು. ಒಂದು ಮಧ್ಯಾಹ್ನ ಅವಳ ಗಂಡ ನಮ್ಮ ಬಾಗಿಲಿಗೆ ಬಂದ. ಅವನ ದನಿ ಕೇಳಿದ್ದೇ ತಂಗಿ ಒಳಗೆ ಓಡಿ, ಸೀರೆ ಬದಲಾಯಿಸಿ, ಚೀಲ ಹಿಡಿದು ಬಾಗಿಲ ಮರೆಗೆ ಬಂದು ನಿಂತಳು.

ಅವನು ನೀರು ಕುಡಿದು, ನೆಲ ನೋಡುತ್ತ ಹೇಳಿದ: "ನಾತ ಮತ್ತ ಬರಾಕತ್ತಾದ್ರಿ. ಅಪ್ಪಗ ಗೊತ್ತಾಗೋದು ಬ್ಯಾಡ. ಹಿತ್ತಲ ಕಡಿಂದ ಬಂದು, ಅವತ್ತಿನಂಗ ಪೈಪ್ ಹಚ್ಚಿ ನೀರು ಹಾಕಿ ಹೋಗ್ರಿ."

ಬಾಗಿಲ ಹಿಂದೆ ಚೀಲ ನೆಲಕ್ಕಿಟ್ಟ ಸದ್ದಾಯಿತು.