ಹಗ್ಗದ ಟೀಚರು ಮತ್ತು ಕಾಣೆಯಾದ ಮೂವತ್ತು ಮೀಟರ್

ನಾನು ವರ್ಷಕ್ಕೊಮ್ಮೆ ನವೀಕರಣಗೊಳ್ಳುವ ಮೇಷ್ಟ್ರು. ಗ್ಯಾಸ್ ಸ್ಟೌವಿನ ಪೈಪಿಗೂ ನನಗೂ ಒಂದೇ ನಿಯಮ: ಅವಧಿ ಮುಗಿಯುವ ಹೊತ್ತಿಗೆ ಯಾರಾದರೂ ಬಗ್ಗಿ ನೋಡಿ, ಇನ್ನೊಂದು ವರ್ಷ ನಡೆದೀತು ಅನ್ನಬೇಕು. ಆ ಶಾಲೆಗೆ ಬಂದ ಮೊದಲ ವಾರ ಐದನೇ ತರಗತಿಗೆ ದಿಕ್ಕುಗಳ ಪಾಠ ಮಾಡಿದೆ. ಗೋಡೆಯ ನಕ್ಷೆ ತೋರಿಸಿ, "ಉತ್ತರ ಯಾವಾಗಲೂ ಮೇಲಿರುತ್ತೆ" ಅಂದೆ. "ಉತ್ತರ ಎಲ್ಲಿದೆ ತೋರಿಸಿ" ಅಂದಾಗ ಮೂವತ್ತು ಬೆರಳುಗಳು ಒಟ್ಟಿಗೆ ಫ್ಯಾನಿನ ಕಡೆ ಎದ್ದವು. "ಸರಿಯಾಗಿದೆ" ಅಂತ ಹೇಳಿಬಿಟ್ಟೆ. ಗಂಟೆ ಹೊಡೆಯುವುದಕ್ಕೆ ಎರಡು ನಿಮಿಷವಿತ್ತು, ತಿದ್ದುವಷ್ಟು ವ್ಯವಧಾನ ಇರಲಿಲ್ಲ.

ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವರು ಹಗ್ಗದ ಟೀಚರು.

ಆ ಹೆಸರನ್ನು ಇಟ್ಟವರು ಮಕ್ಕಳು. ಅವರ ಚೀಲದಲ್ಲಿ ಪುಸ್ತಕವಿಲ್ಲದ ದಿನ ಇರಬಹುದು, ಹತ್ತು ಮೀಟರಿನ ಪ್ಲಾಸ್ಟಿಕ್ ಹಗ್ಗವಿಲ್ಲದ ದಿನ ಇರಲಿಲ್ಲ. ಇಪ್ಪತ್ತಾರು ವರ್ಷ ಅದೇ ಶಾಲೆ. ಮನೆಯಲ್ಲಿ ಅವರು, ಹೊಲಿಗೆ ಮಾಡುವ ತಂಗಿ, ಎರಡು ಕೋಣೆ. ಬಾಗಿಲಿಂದ ಬಸ್ ನಿಲ್ದಾಣಕ್ಕೆ ನಾನೂರ ಹನ್ನೆರಡು ಹೆಜ್ಜೆ. ಮಳೆ ಬಂದರೆ ನಿಂತ ನೀರನ್ನು ಸುತ್ತಿ ಹೋಗಬೇಕು, ಆಗ ನಾನೂರ ಮೂವತ್ತು. ಎಡ ಬಲ ಎಂಬ ಮಾತು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ, "ಆ ಚಹಾ ಲೋಟ ಸ್ವಲ್ಪ ಪಶ್ಚಿಮಕ್ಕೆ ಸರಿಸು, ಪುಸ್ತಕದ ಮೇಲೆ ಚೆಲ್ಲುತ್ತೆ" ಅನ್ನೋರು. ಹೊಸಬರು ಲೋಟ ಹಿಡಿದುಕೊಂಡು ಕಿಟಕಿ ಕಡೆ ನೋಡುತ್ತಾ ನಿಲ್ಲೋರು. ನಾನೂ ನಿಂತಿದ್ದೆ. ಚಹಾ ಚೆಲ್ಲಿತ್ತು.

ಅವತ್ತು ಸಂಜೆ ನನ್ನನ್ನು ಕರೆದು, "ಮರಿ, ಫ್ಯಾನಿನ ಮೇಲೆ ಉತ್ತರ ಇದ್ದರೆ ಕರೆಂಟ್ ಹೋದಾಗ ಎಲ್ಲಿರುತ್ತೆ?" ಅಂದರು. ನಾನು ಕುಗ್ಗಿಹೋದೆ. ಅವರು ನಕ್ಕರು. "ನಾಳೆಯಿಂದ ನನ್ನ ಜೊತೆ ಬಯಲಿಗೆ ಬಾ. ನಿನಗೂ ಕಲಿಸಿದ ಹಾಗಾಗುತ್ತೆ."

ಅಮ್ಮ ಬಿಟ್ಟರೆ ನನ್ನನ್ನು ಮರಿ ಅಂತ ಕರೆದವರು ಅವರೊಬ್ಬರೇ.

ಬಯಲಿನಲ್ಲಿ ಮೊದಲು ಒಂದು ಕೋಲು ನೆಟ್ಟರು. ಬೆಳಿಗ್ಗೆ ಹತ್ತಕ್ಕೆ ಅದರ ನೆರಳಿನ ತುದಿಗೆ ಒಂದು ಕಲ್ಲು. ಕೋಲಿನ ಬುಡದಿಂದ ಆ ಕಲ್ಲಿನಷ್ಟೇ ದೂರಕ್ಕೆ ದಾರ ಹಿಡಿದು ಸುತ್ತ ಒಂದು ವೃತ್ತ. ಮಧ್ಯಾಹ್ನ ನೆರಳು ಕುಗ್ಗಿ ವೃತ್ತದೊಳಗೆ ಹೋಯಿತು, ಆಮೇಲೆ ಮತ್ತೆ ಬೆಳೆಯತೊಡಗಿತು. ಅದರ ತುದಿ ಇನ್ನೊಂದು ಬದಿಯಲ್ಲಿ ವೃತ್ತವನ್ನು ಮುಟ್ಟಿದ ಕೂಡಲೇ ಎರಡನೇ ಕಲ್ಲು. "ಮೊದಲ ಕಲ್ಲು ಪಶ್ಚಿಮ, ಎರಡನೇದು ಪೂರ್ವ. ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಎಡಗೈ ಚಾಚಿ." ಮೂವತ್ತು ಎಡಗೈಗಳು ನೀರಿನ ಟ್ಯಾಂಕಿನ ಕಡೆ ಚಾಚಿದವು. ಉತ್ತರ ಅಲ್ಲಿತ್ತು. ಫ್ಯಾನಿಗೂ ಅದಕ್ಕೂ ಏನೂ ಸಂಬಂಧವಿರಲಿಲ್ಲ.

ಆಮೇಲೆ ಅಳತೆ. ಅದಕ್ಕೆ ಎಂಟು ಮಕ್ಕಳ ಗುಂಪು. ಮೊದಲು ಹೆಜ್ಜೆಯಲ್ಲಿ ಅಳೆಯಬೇಕು. ದಕ್ಷಿಣದ ಗೋಡೆಗೆ ಉದ್ದಕಾಲು ಎಂಬ ಹುಡುಗಿ ತೊಂಬತ್ತೆರಡು ಹೆಜ್ಜೆ ಅಂದಳು, ಚೋಟು ಎಂಬ ಹುಡುಗ ನೂರ ಹದಿನೆಂಟು ಅಂದ. ಇಬ್ಬರೂ ಜಗಳಕ್ಕೆ ನಿಂತರು.

"ಗೋಡೆ ನಿನಗೊಂದು ನನಗೊಂದು ಇದೆಯೇನೋ?"

"ನಿನ್ನ ಕಾಲು ಒಂಟೆದು, ಅದಕ್ಕೆ!"

"ಇಬ್ಬರೂ ಸರಿ, ಇಬ್ಬರದೂ ಉಪಯೋಗಕ್ಕೆ ಬರಲ್ಲ" ಅಂತ ಟೀಚರು ಹಗ್ಗ ತೆಗೆದರು. ಮೀಟರಿಗೊಂದು ಬಣ್ಣದ ಬಟ್ಟೆ ಚೂರು, ತಂಗಿಯ ಹೊಲಿಗೆ ಮೆಷಿನ್ ಕೆಳಗೆ ಬಿದ್ದದ್ದು, ಹಗ್ಗಕ್ಕೆ ಹೊಲಿದಿತ್ತು. ಅಳತೆಗೆಂದು ನಾನೂ ಒಂದು ಹಗ್ಗ ತಯಾರಿಸಿದ್ದೆ. ಮೀಟರಿಗೊಂದು ಗಂಟು ಹಾಕಿದ್ದೆ, ಎಂಥ ಜಾಣತನ ಅಂದುಕೊಂಡು. ಗಂಟುಗಳು ಹಗ್ಗ ನುಂಗಿ ಹತ್ತು ಮೀಟರ್ ಒಂಬತ್ತೂಕಾಲಿಗೆ ಇಳಿದಿತ್ತು. ಟೀಚರು ಅದನ್ನು ಮಕ್ಕಳ ಮುಂದೆ ಹೇಳಲಿಲ್ಲ. ಸುಮ್ಮನೆ ಸುತ್ತಿ ಚೀಲಕ್ಕೆ ಹಾಕಿ, "ಇದು ಬಟ್ಟೆ ಒಣಗಿಸೋಕೆ ಚೆನ್ನಾಗಿದೆ, ನಮ್ಮ ತಂಗಿಗೆ ಕೊಡ್ತೀನಿ" ಅಂದರು.

ದಕ್ಷಿಣದ ಗೋಡೆ ಅರವತ್ತು ಮೀಟರ್. ಪೂರ್ವದ್ದು ನಲವತ್ತನಾಲ್ಕು. ಮೂಲೆ ಚೌಕವೋ ಅಲ್ಲವೋ ನೋಡಲು ಒಂದು ಗೋಡೆಗುಂಟ ಮೂರು ಮೀಟರ್, ಇನ್ನೊಂದರಗುಂಟ ನಾಲ್ಕು; ಅಡ್ಡಕ್ಕೆ ಐದು ಬಂದರೆ ಚೌಕ. ನೈರುತ್ಯದ ಮೂಲೆಯಲ್ಲಿ ಐದಕ್ಕೆ ಇಪ್ಪತ್ತು ಸೆಂಟಿಮೀಟರ್ ಕಡಿಮೆ ಬಂತು. "ಟೀಚರ್, ನಮ್ಮ ಶಾಲೆ ಸೊಟ್ಟ!" ಅಂತ ಚೋಟು ಊರಿಗೆಲ್ಲ ಕೇಳುವ ಹಾಗೆ ಕೂಗಿದ. "ಸೊಟ್ಟ ಇದ್ದರೆ ಸೊಟ್ಟಾನೇ ಬರಿ. ನೆಟ್ಟಗೆ ಬರೆದರೆ ಅದು ನಮ್ಮ ಶಾಲೆ ಅಲ್ಲ."

ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ, ಒಂದು ಸೆಂಟಿಮೀಟರಿಗೆ ಎರಡು ಮೀಟರ್. ಗೋಡೆ ಮೂವತ್ತು ಸೆಂಟಿಮೀಟರ್ ಉದ್ದ ಬಂತು. ಟ್ಯಾಂಕು, ಕೈತೊಳೆಯುವ ನಲ್ಲಿ, ಗೇಟು, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ. ಮೇಲೆ ಶೀರ್ಷಿಕೆ, ಅದರ ಪಕ್ಕ ಬರಹದಲ್ಲಿ ಪ್ರಮಾಣ. ಕೆಳಗೆ ಕಪ್ಪು ಬಿಳಿ ತುಂಡುಗಳ ಒಂದು ಪಟ್ಟಿ: ಸೊನ್ನೆ, ಹತ್ತು, ಇಪ್ಪತ್ತು ಮೀಟರ್. ಅದರ ಕೆಳಗೆ ಎಂಟು ಮಕ್ಕಳ ಹೆಸರು, ಎಂಟು ಥರದ ಅಕ್ಷರದಲ್ಲಿ.

"ಪ್ರಮಾಣ ಮೇಲೆ ಬರೆದಿದೆಯಲ್ಲ ಮೇಡಂ, ಮತ್ತೆ ಕೆಳಗೆ ಪಟ್ಟಿ ಯಾಕೆ?" ಅಂತ ಕೇಳಿದ್ದೆ.

"ನಾಳೆ ಯಾರೋ ಇದನ್ನ ಸಣ್ಣದು ಮಾಡ್ತಾರೆ, ಇನ್ಯಾರೋ ದೊಡ್ಡದು ಮಾಡ್ತಾರೆ. ಪಟ್ಟಿ ನಕ್ಷೆ ಜೊತೆಗೇ ಕುಗ್ಗುತ್ತೆ, ಜೊತೆಗೇ ಹಿಗ್ಗುತ್ತೆ. ಅಕ್ಷರ ಮಾತ್ರ ಇದ್ದ ಹಾಗೇ ಸುಳ್ಳು ಹೇಳ್ತಾ ನಿಂತಿರುತ್ತೆ."

ಈ ಮಾತನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಗೆರೆಯನ್ನೂ ಎಳೆದಿದ್ದೆ. ಬರೆದುಕೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ಮುಂದು.

ವರ್ಷದ ಕೊನೆಯ ಹೊತ್ತಿಗೆ ಸುತ್ತಲಿನ ಶಾಲೆಗಳ ಮೇಷ್ಟ್ರುಗಳಿಗೆ ತರಬೇತಿ. ಒಳ್ಳೆಯ ಮಾದರಿ ಪಾಠದ ಹಾಳೆ ಅಲ್ಲಿ ಹಂಚುತ್ತಾರೆ, ಮಾಡಿದವರ ಹೆಸರು ಮೇಲಕ್ಕೆ ಹೋಗುತ್ತದೆ ಅಂತ ಸುದ್ದಿ. ನನ್ನ ಅವಧಿ ಮುಗಿಯಲು ಆರು ವಾರ ಉಳಿದಿತ್ತು. ಟೀಚರಿಗೆ ಇದು ಗೊತ್ತಿತ್ತು. ಕೇಳುವುದಕ್ಕೆ ಮೊದಲೇ ನಕ್ಷೆಯನ್ನು ಸುರುಳಿ ಸುತ್ತಿ ನನ್ನ ಕೈಗಿಟ್ಟರು.

"ನೀನೇ ಪಾಠ ಹೇಳು ಮರಿ. ನನ್ನ ಹೆಸರು ಬೇಡ, ನನಗೇನಾಗಬೇಕು ಅದರಿಂದ? ಎರಡೇ ಮಾತು. ಪಟ್ಟಿ ಬಿಡಬೇಡ. ಮಕ್ಕಳ ಹೆಸರು ಬಿಡಬೇಡ. ಅಚ್ಚಲ್ಲಿ ಬರುತ್ತೆ ಅಂತ ಅವಕ್ಕೆ ಮಾತು ಕೊಟ್ಟಿದ್ದೀನಿ."

"ಬಿಡ್ತೀನಾ ಮೇಡಂ!" ಅಂದೆ. ಎದೆ ಮುಟ್ಟಿಕೊಂಡು ಬೇರೆ ಅಂದೆ.

ಜೆರಾಕ್ಸ್ ಅಂಗಡಿಯವನು ಹಾಳೆ ಬಿಚ್ಚಿ ನೋಡಿ, "ಇಷ್ಟು ಅಗಲದ್ದು ಹಿಡಿಯಲ್ಲ ಸರ್, ಅರ್ಧಕ್ಕೆ ಇಳಿಸ್ತೀನಿ" ಅಂದ. ಇಳಿಸಿದ. ಕೆಳಗೆ ನಾಲ್ಕು ಪ್ರಶ್ನೆ ಹಾಕಬೇಕಿತ್ತು, ಜಾಗ ಸಾಲಲಿಲ್ಲ. "ಈ ಕೆಳಗಿನದು ತೆಗೆದರೆ ಸಲೀಸಾಗಿ ಕೂರುತ್ತೆ. ಹುಡುಗರ ಗೀಚು ಬೇರೆ, ಅಂದ ಕೆಡುತ್ತೆ." ಪಟ್ಟಿಯೂ ಎಂಟು ಹೆಸರೂ ಅವನ ಬೆರಳಿನ ಕೆಳಗಿದ್ದವು. ನಾನು, "ತೆಗೀರಿ" ಅಂದೆ. ಅವನು ಮತ್ತೆ ಕೇಳಿದ: "ಮೇಲೆ ಒಂದಿಷ್ಟು ಖಾಲಿ ಉಳೀತು. ನಿಮ್ಮ ಹೆಸರು ಹಾಕಲಾ?"

ಅಷ್ಟು ಖಾಲಿ ಜಾಗಕ್ಕೆ ಎಂಟು ಹೆಸರು ಸಣ್ಣ ಅಕ್ಷರದಲ್ಲಿ ಸಲೀಸಾಗಿ ಹಿಡಿಯುತ್ತಿದ್ದವು. "ಹಾಕಿ, ದಪ್ಪಕ್ಷರದಲ್ಲಿ" ಅಂದೆ.

ತರಬೇತಿಯ ಸಭಾಂಗಣದಲ್ಲಿ ನಲವತ್ತು ಮಂದಿ. ಹಾಳೆ ಹಂಚತೊಡಗಿದರು. ನಾನು ಕೋಲಿನ ನೆರಳು, ವೃತ್ತ, ಹಗ್ಗ, ಬಟ್ಟೆ ಚೂರು ಎಲ್ಲವನ್ನೂ ಹೇಳಿದೆ. ಫ್ಯಾನಿನ ಕಥೆಯನ್ನು ಬೇರೆ ಯಾವುದೋ ಶಾಲೆಯ ಮೇಷ್ಟ್ರಿಗೆ ಆಗಿದ್ದು ಅಂತ ಹೇಳಿದೆ. ಜನ ನಕ್ಕರು. ಮೂರನೇ ಸಾಲಿನಲ್ಲಿ ಹಗ್ಗದ ಟೀಚರೂ ನಕ್ಕರು, ಮಗನ ಮಾತು ಕೇಳುವ ಅಮ್ಮನ ಹಾಗೆ. ಆಮೇಲೆ ಹಾಳೆ ಅವರ ಸಾಲಿಗೆ ಬಂತು.

ಅವರು ಮೇಲಿನಿಂದ ಓದಿದರು. ಕೆಳಕ್ಕೆ ಬಂದರು. ಹಾಳೆ ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿಯೂ ಏನೂ ಇರಲಿಲ್ಲ. ಚೀಲದಿಂದ ಸ್ಕೇಲು ತೆಗೆದು, ದಕ್ಷಿಣದ ಗೋಡೆಯ ಮೇಲೆ ಇಟ್ಟು ನೋಡಿ, ನಿಧಾನಕ್ಕೆ ಎದ್ದು ನಿಂತರು.

"ಏನು ಮೇಡಂ?" ಅಂದರು ತರಬೇತಿಯ ಸಾಹೇಬರು.

"ಒಂದು ಸಣ್ಣ ಲೆಕ್ಕ ಸರ್. ಗೋಡೆ ಇಲ್ಲಿ ಹದಿನೈದು ಸೆಂಟಿಮೀಟರ್ ಇದೆ. ಮೇಲೆ ಬರೆದಿರೋ ಪ್ರಕಾರ ಮೂವತ್ತು ಮೀಟರ್ ಆಯ್ತು. ನಮ್ಮ ಗೋಡೆ ಅರವತ್ತು." ಆಮೇಲೆ ನನ್ನ ಕಡೆ ತಿರುಗಿದರು. "ಉಳಿದ ಮೂವತ್ತು ಮೀಟರ್ ಎಲ್ಲಿಗೆ ಹೋಯ್ತು, ಮೇಷ್ಟ್ರೇ? ನೀವು ಹೇಳಿ."

ಮೇಷ್ಟ್ರೇ. ನೀವು.

"ಅದು... ಜೆರಾಕ್ಸಿನವನ ತಪ್ಪು" ಅಂದೆ.

ಸಭೆ ನಕ್ಕಿತು. ಸಾಹೇಬರು ಕೈ ಬೀಸಿ, "ಹೋಗಲಿ ಬಿಡಿ, ಪಾಠ ಚೆನ್ನಾಗಿದೆ. ಇದನ್ನೆಲ್ಲ ಅಳೆದಿದ್ದು ಯಾರು?" ಅಂದರು.

ಟೀಚರು ಇನ್ನೂ ನಿಂತೇ ಇದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ದಡ್ಡ ಹುಡುಗನಿಗೆ ಉತ್ತರ ಗೊತ್ತು, ಈಗ ಹೇಳುತ್ತಾನೆ ಅಂತ ಕಾಯುವಾಗ ಅವರು ಹಾಗೆ ನಿಲ್ಲುತ್ತಿದ್ದರು. ಎಂಟು ಹೆಸರೂ ನನಗೆ ಬಾಯಿಪಾಠವಿದ್ದವು. ಹೇಳಲು ಕಾಲು ನಿಮಿಷವೂ ಬೇಕಿರಲಿಲ್ಲ.

"ನಾನೇ ಸರ್" ಅಂದೆ. "ಮಕ್ಕಳೂ ಸ್ವಲ್ಪ ಸಹಾಯ ಮಾಡಿದರು."

ಅವರು ಕುಳಿತುಕೊಂಡರು. ಸ್ಕೇಲನ್ನು ಚೀಲಕ್ಕೆ ಹಾಕಿದರು.

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರವೇ ಉದ್ದಕಾಲು ಓಡಿ ಬಂದಳು, ಹಿಂದೆ ಚೋಟು. "ಟೀಚರ್, ನಮ್ಮ ಹೆಸರು ಬಂತಾ? ಅಚ್ಚಲ್ಲಿ ಬಂತಾ?" ನಾನು ಹಿಂದೆಯೇ ಬರುತ್ತಿದ್ದೆ, ಕೇಳಿಸಿಕೊಂಡೆ. "ಇಲ್ಲ ಪುಟ್ಟಾ" ಅಂದರು ಟೀಚರು. "ನಾನು ಮಾತು ತಪ್ಪಿದೆ." ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನನ್ನ ಕೆಲಸ ನವೀಕರಣವಾಯಿತು. ಮೇಲಿನವರು ಬಗ್ಗಿ ನೋಡಿ, ಇನ್ನೊಂದು ವರ್ಷ ನಡೆದೀತು ಅಂದರು. ಕ್ಷಮೆ ಕೇಳಲು ಎರಡು ಸಲ ಹೋದೆ. "ಕೂತ್ಕೊಳ್ಳಿ ಮೇಷ್ಟ್ರೇ, ಚಹಾ ತಗೊಳ್ಳಿ" ಅಂದರು. ಆ ಮರ್ಯಾದೆಯ ಮುಂದೆ ಎರಡು ಸಲವೂ ಚಹಾ ಕುಡಿದು ಎದ್ದು ಬಂದೆ. ಬೈದಿದ್ದರೆ ಎರಡು ದಿನ ಊಟ ಬಿಟ್ಟು ಮೂರನೇ ದಿನ ಸರಿಹೋಗುತ್ತಿದ್ದೆ. ಚಹಾ ಲೋಟ ಅಡ್ಡವಿದ್ದರೂ ನನಗೆ ಪಶ್ಚಿಮಕ್ಕೆ ಸರಿಸಲು ಹೇಳುವುದಿಲ್ಲ, ತಾವೇ ಎದ್ದು ಬಂದು ಸರಿಸಿಕೊಳ್ಳುತ್ತಾರೆ.

ಈ ವರ್ಷದ ಐದನೇ ತರಗತಿ ಮತ್ತೆ ಬಯಲಿಗಿಳಿಯಿತು. ಹಗ್ಗದ ಸೊನ್ನೆಯ ತುದಿ ಟೀಚರ ಕೈಯಲ್ಲಿ. ಹೋದ ವರ್ಷ ಇನ್ನೊಂದು ತುದಿ ಹಿಡಿಯುತ್ತಿದ್ದವನು ನಾನು. ಈಗ ಅದು ಒಬ್ಬ ಪುಟ್ಟ ಹುಡುಗಿಯ ಕೈಯಲ್ಲಿದೆ. ಅಳತೆಯೆಲ್ಲ ಮುಗಿದ ಮೇಲೆ ಟೀಚರು ಚೀಲದಿಂದ ಒಂದು ಹಾಳೆ ತೆಗೆದು ಮಕ್ಕಳ ಮಧ್ಯೆ ಇಡುವುದನ್ನು ವರಾಂಡದಿಂದ ನೋಡಿದೆ. ನನ್ನ ಹಾಳೆ.

"ಇದರಲ್ಲಿ ತಪ್ಪೇನು, ಹುಡುಕಿ."

ಸ್ಕೇಲುಗಳು ಬಂದವು. ತಲೆಗಳು ಒಟ್ಟಿಗೆ ಬಾಗಿದವು. ಸ್ವಲ್ಪ ಹೊತ್ತಿಗೆ ಒಂದು ಧ್ವನಿ: "ಟೀಚರ್, ಇದರಲ್ಲಿ ಶಾಲೆ ಅರ್ಧ ಆಗಿದೆ!" ಇನ್ನೊಂದು: "ಪಟ್ಟಿನೇ ಇಲ್ಲ!"

"ಇದನ್ನ ಮಾಡಿದ್ದು ಯಾರು ಟೀಚರ್?"

ನಾನು ವರಾಂಡದ ಅಂಚಿಗೆ ಬಂದೆ. ದೂರದಿಂದಲೇ ಹಾಳೆ ನೋಡಿದೆ. ಮೇಲಿನ ಅಂಚು ಗಿಡ್ಡವಾಗಿತ್ತು. ನನ್ನ ಹೆಸರಿದ್ದ ಜಾಗವನ್ನು ಅವರು ಕತ್ತರಿಯಿಂದ ನೇರವಾಗಿ, ಸ್ಕೇಲು ಹಿಡಿದ ಹಾಗೆ, ಕತ್ತರಿಸಿ ತೆಗೆದಿದ್ದರು.

"ಯಾರೋ" ಅಂದರು ಟೀಚರು. "ನಮ್ಮವರಲ್ಲ. ನೀವು ಪಟ್ಟಿ ಬರೀರಿ."